ಒಂದೇ ಮಾಲಿಗೆ ಎರಡು ಪಾಲಿಸಿ, ಎರಡೂ ಕಂಪನಿಯವರು ಕಡಿಮಿ ಕೊಡ್ತೇವಿ ಅಂತಾರ. ಲೆಕ್ಕ ಸರಿ ಐತೇನ್ರಿ?

ಜವಳಿಸಾಲದಾಂವ
ಎಲ್ಲಾರಿಗೂ ನಮಸ್ಕಾರ ರೀ. ಹುಬ್ಬಳ್ಳಿ ಜವಳಿ ಸಾಲದಾಗ ನಮ್ಮದು ಸೀರಿ, ಡ್ರೆಸ್ ಮಟೀರಿಯಲ್ ಅಂಗಡಿ ಐತಿ. ಮೂರು ತಿಂಗಳ ಹಿಂದ ರಾತ್ರಿ ಶಾರ್ಟ್ ಸರ್ಕ್ಯೂಟ್ ಆಗಿ ಅಟ್ಟದ ಮ್ಯಾಲಿನ ಮಾಲು ಸುಟ್ಟಿತು, ಕೆಳಗಿನ ಮಾಲು ಅಗ್ನಿಶಾಮಕದವರು ಹೊಡದ ನೀರಿನಾಗ ತೊಯ್ದು ಹೋತು.

ನಂದು ಎರಡು ಪಾಲಿಸಿ ಅದಾವ. ಸಿಸಿ ಸಾಲಕ್ಕಂತ ಬ್ಯಾಂಕಿನವರು ಮಾಡಿಸಿದ್ದು ಒಂದು, ಅಂಗಡ್ಯಾಗಿನ ಸ್ಟಾಕಿಗೆ 30 ಲಕ್ಷ. ಅದು ಸಾಕಾಗೂದಿಲ್ಲ ಅನಿಸಿ ನಾನ ಬ್ಯಾರೆ ಕಂಪನ್ಯಾಗ ಅಂಗಡಿಕಾರರ ಪಾಲಿಸಿ ತಗೊಂಡೆ, ಅದರಾಗ ಸ್ಟಾಕಿಗೆ 20 ಲಕ್ಷ. ಬೆಂಕಿ ಹತ್ತಿದ ದಿನ ಅಂಗಡ್ಯಾಗ 40 ಲಕ್ಷದ ಮಾಲು ಇತ್ತು ಅಂತ ಸರ್ವೇಯರ್ ಪುಸ್ತಕ ನೋಡಿ ತಗದಾರ. ಉಳಿದ ತುಂಡು-ತೊಯ್ದ ಮಾಲಿನ ಬೆಲಿ ಕಳದು ನಷ್ಟ 15 ಲಕ್ಷ. ಇದಕ್ಕ ನಂದೇನೂ ತಕರಾರಿಲ್ಲ.

ತಕರಾರು ಮುಂದ ಐತಿ. ಬ್ಯಾಂಕ್ ಪಾಲಿಸಿ ಕಂಪನಿ 6.75 ಲಕ್ಷ ಅಂತ ಪತ್ರ ಕೊಟ್ಟೈತಿ. ನನ್ನ ಕಂಪನಿ 3 ಲಕ್ಷ ಅಂತೈತಿ. ಕೂಡಿಸಿದ್ರ 9.75. ಮಾಲು 40 ಲಕ್ಷದ್ದು, ವಿಮೆ 50 ಲಕ್ಷದ್ದು, ಪ್ರೀಮಿಯಂ ಎರಡೂ ಕಡೆ ಕಟ್ಟೇನಿ. 5.25 ಲಕ್ಷ ಎಲ್ಲಿ ಹೋತು ಯಾರರ ಹೇಳ್ರಿ.

ಗದಗ ಬೆಟಗೇರಿ
ಅಣ್ಣಾರ, ಎರಡೂ ಕಡೆ ಪೂರ್ತಿ 15, 15 ಕೇಳ್ರಿ. ನಮ್ಮ ಮಾವಗ ಎರಡು ಎಲ್‌ಐಸಿ ಪಾಲಿಸಿ ಇದ್ದವು, ತೀರಿಕೊಂಡಾಗ ಎರಡರದ್ದೂ ಪೂರ್ತಿ ರೊಕ್ಕ ಬಂತು. ಯಾರೂ ಪಾಲು ಗೀಲು ಅನ್ನಲಿಲ್ಲ.

ಹಾವೇರಿ ಏಜೆಂಟ್
ಬೆಟಗೇರಿಯವರ, ಅದು ಜೀವ ವಿಮೆ ರೀ. ಜೀವಕ್ಕ ಬೆಲಿ ಕಟ್ಟಾಕ ಬರೂದಿಲ್ಲ, ಹಿಂಗಾಗಿ ಎಷ್ಟು ಪಾಲಿಸಿ ಇದ್ರೂ ಎಲ್ಲಾ ಕೊಡ್ತಾರ. ಸ್ಟಾಕಿಗೆ ಹಂಗಿಲ್ಲ. ನಷ್ಟ ಎಷ್ಟೋ ಅಷ್ಟ.

ಜವಳಿಸಾಲದವರ, ನಾನು ಹನ್ನೊಂದು ವರ್ಷದಿಂದ ಇದ ಕೆಲಸ ಮಾಡಾಕತ್ತೇನಿ. ಎರಡೂ ಕಂಪನಿಯವರು ಸರಿಯಾಗೇ ಲೆಕ್ಕ ಹಾಕ್ಯಾರ. ಎರಡು ಪಾಲಿಸಿ ಇದ್ರ ವಿಮಾ ಮೊತ್ತದ ಪ್ರಕಾರ ಪಾಲು ಹಂಚತಾರ. 30ಕ್ಕ 20, ಅಂದ್ರ 15 ಲಕ್ಷದಾಗ ಒಬ್ಬರಿಗೆ 9, ಇನ್ನೊಬ್ಬರಿಗೆ 6. ಆಮ್ಯಾಲ ಆವರೇಜ್ ಕಂಡೀಷನ್. 40ರ ಮಾಲಿಗೆ ಬ್ಯಾಂಕ್ ಪಾಲಿಸಿ 30 ಮಾತ್ರ, ಹಿಂಗಾಗಿ 9ರ ಮುಕ್ಕಾಲು ಪಾಲು 6.75. ನಿಮ್ಮ ಪಾಲಿಸಿ 40ಕ್ಕ 20, ಅರ್ಧ. 6ರ ಅರ್ಧ 3. ಆವರೇಜ್ ಪ್ರತಿ ಪಾಲಿಸಿಗೂ ಬ್ಯಾರೆ ಬ್ಯಾರೆ ಅನ್ವಯ ಆಗತೈತಿ ಅಂತ ಕಂಡೀಷನ್ನಿನಾಗ ಸ್ಪಷ್ಟ ಐತಿ. ಒಂದ ಪಾಲಿಸಿ 40 ಲಕ್ಷಕ್ಕ ಮಾಡಿಸಿದ್ರ ಈ ತ್ರಾಸ ಇರ್ತಿರಲಿಲ್ಲ.

ಜವಳಿಸಾಲದಾಂವ
ಪತ್ರದಾಗೂ ಇದ ಲೆಕ್ಕ ಬರದಾರ. ನೀವು ಹೇಳೂದು ಕೇಳಿ ಎದಿ ಇನ್ನಷ್ಟು ಭಾರ ಆತು ನೋಡ್ರಿ.

ಸಪ್ತಾಪುರ ಹಳೇ ಸರ್ವೇಯರ್
ಭಾರ ಮಾಡ್ಕೋಬ್ಯಾಡ್ರಿ, ಇನ್ನೂ ಸಹಿ ಮಾಡಿಲ್ಲ ತಾನೇ? ಏಜೆಂಟ್ ಸಾಹೇಬರು ಹೇಳಿದ್ದರಲ್ಲಿ ಎರಡು ಮಾತು ಖರೇ. ಪಾಲು ಹಂಚಬೇಕು ಅನ್ನೋದು ಖರೇ, ಆವರೇಜ್ ಪ್ರತಿ ಪಾಲಿಸಿಗೂ ಬೇರೆ ಅನ್ನೋದೂ ಖರೇ. ತಪ್ಪಿರೋದು ಯಾವುದು ಮೊದಲು, ಯಾವುದು ಆಮೇಲೆ ಅನ್ನೋದರಲ್ಲಿ. ಅದೊಂದು ತಿರುವು ಮುರುವು ಆಗಿದ್ದಕ್ಕೇ ನಿಮ್ಮ 5.25 ಲಕ್ಷ ಕಾಣೆಯಾಗಿದೆ.

ಆವರೇಜ್ ಅಂದರೇನು ಅಂತ ಮೊದಲು ನೋಡ್ರಿ. ಮಾಲು 40 ಲಕ್ಷದ್ದು, ವಿಮೆ 30 ಲಕ್ಷದ್ದು ಇದ್ದರೆ ಉಳಿದ 10 ಲಕ್ಷಕ್ಕೆ ನೀವೇ ನಿಮ್ಮ ವಿಮೆದಾರ ಅಂತ ಕಂಪನಿ ಹಿಡಿಯುತ್ತದೆ. ಹಾಗಾಗಿ ಪ್ರತಿ ನಷ್ಟದಲ್ಲೂ ಕಾಲು ಭಾಗ ನಿಮ್ಮ ತಲೆಗೆ. ಇದು ಪೂರ್ತಿ ನಷ್ಟಕ್ಕೆ ಹಾಕುವ ಲೆಕ್ಕ. ಇನ್ನೊಂದು ಪಾಲಿಸಿ ಲೋಕದಲ್ಲೇ ಇಲ್ಲ ಅಂದುಕೊಂಡು ಪ್ರತಿ ಕಂಪನಿ ಎಷ್ಟು ಕೊಡಬೇಕಾಗಿತ್ತು ಅಂತ ತೆಗೆಯಬೇಕು:

ಬ್ಯಾಂಕ್ ಪಾಲಿಸಿ: 15 × 30 ÷ 40 = 11.25 ಲಕ್ಷ
ನಿಮ್ಮ ಪಾಲಿಸಿ: 15 × 20 ÷ 40 = 7.5 ಲಕ್ಷ

ಎರಡೂ ಕೂಡಿದರೆ 18.75. ನಷ್ಟ 15 ಮಾತ್ರ. ನಷ್ಟಕ್ಕಿಂತ ಹೆಚ್ಚು ನಿಮಗೆ ಸಿಗೋದಿಲ್ಲ, ಆದ್ದರಿಂದ ಈಗ, ಇಲ್ಲಿಗೆ ಬಂದ ಮೇಲೆ, ಕಾಂಟ್ರಿಬ್ಯೂಷನ್, ಅಂದರೆ ಕಂಪನಿಗಳ ನಡುವೆ ಪಾಲು ಹಂಚೋದು, ಬರುತ್ತದೆ. 11.25ಕ್ಕೆ 7.5 ಅಂದರೆ ಮೂರಕ್ಕೆ ಎರಡು. ಒಬ್ಬರು 9, ಇನ್ನೊಬ್ಬರು 6. ನಿಮ್ಮ ಕೈಗೆ 15. ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಮೊತ್ತ, ಎಷ್ಟಿದೆಯೋ ಅದು ಕಳೆದು.

ಕಂಪನಿಯವರು ಮಾಡಿದ್ದು ಏನು? ಮೊದಲು 9 ಮತ್ತು 6 ಅಂತ ಹಂಚಿದರು. ಹಂಚುವಾಗ "ಇನ್ನೊಂದು ಪಾಲಿಸಿ ಇದೆಯಲ್ಲ, ನಾವ್ಯಾಕೆ ಪೂರ್ತಿ ಕೊಡಬೇಕು" ಅಂದರು. ಆಮೇಲೆ ಆ 9ಕ್ಕೆ ಆವರೇಜ್ ಹಾಕುವಾಗ "30ರ ಮೇಲಿನ 10 ಲಕ್ಷಕ್ಕೆ ವಿಮೆಯೇ ಇಲ್ಲವಲ್ಲ" ಅಂದರು. ಪಾಲು ಕೇಳುವಾಗ ಇನ್ನೊಂದು ಪಾಲಿಸಿ ಇದೆ, ಆವರೇಜ್ ಹಾಕುವಾಗ ಅದೇ ಪಾಲಿಸಿ ಇಲ್ಲ. ಎರಡೂ ಏಕಕಾಲಕ್ಕೆ ಹೆಂಗ ಆಗ್ತದ್ರಿ?

ಹಾವೇರಿ ಏಜೆಂಟ್
ಸರ್, ಕಂಡೀಷನ್ನಿನಾಗ "ಈ ಕಂಪನಿ ತನ್ನ ಪ್ರಮಾಣದ ಪಾಲಿಗಿಂತ ಹೆಚ್ಚು ಕೊಡೂದಿಲ್ಲ" ಅಂತ ಐತಲ್ರಿ? ಪಾಲು 9 ಆದಮ್ಯಾಲ ಆವರೇಜ್ ಬಿಡಾಕ ಬರತೈತೇನು?

ಸಪ್ತಾಪುರ ಹಳೇ ಸರ್ವೇಯರ್
ಬಿಡೋದಿಲ್ಲ, ಆಗಲೇ ಹಾಕಿ ಆಗಿದೆ. 11.25 ಬಂದದ್ದು ಆವರೇಜ್ ಹಾಕಿಯೇ ಅಲ್ಲೇನು? ಒಂದೇ ಕೊರತೆಗೆ ಎರಡು ಸಲ ಕತ್ತರಿ ಹಾಕಬಾರದು ಅಷ್ಟೇ.

ಇನ್ನೊಂದು ರೀತಿ ಪರೀಕ್ಷೆ ಮಾಡ್ರಿ. ಅಂಗಡಿಯಲ್ಲಿ ಮಾಲು 60 ಲಕ್ಷದ್ದು ಇತ್ತು ಅಂತ ಹಿಡೀರಿ. ಆಗ ಒಬ್ಬರು 7.5, ಇನ್ನೊಬ್ಬರು 5. ಕೂಡಿದರೆ 12.5, ನಷ್ಟಕ್ಕಿಂತ ಕಡಿಮೆ. ಹಂಚುವ ಪ್ರಶ್ನೆಯೇ ಇಲ್ಲ, ಇಬ್ಬರೂ ತಮ್ಮ ತಮ್ಮದು ಪೂರ್ತಿ ಕೊಡಬೇಕು. 2.5 ಲಕ್ಷ ಅಂಗಡಿಯವರ ತಲೆಗೆ, ಯಾಕಂದರೆ 60ರ ಮಾಲಿಗೆ ಒಟ್ಟು ವಿಮೆ 50 ಮಾತ್ರ, ಕೊರತೆ ನಿಜವಾಗಿಯೂ ಇದೆ. ಇವರ ಪ್ರಕರಣದಲ್ಲಿ 40ರ ಮಾಲಿಗೆ 50 ಇದೆ. ಕೊರತೆ ಎಲ್ಲಿದೆ ತೋರಿಸ್ರಿ. ಎರಡೂ ಪಾಲಿಸಿಯ ಮೊತ್ತ ಕೂಡಿ ಮಾಲಿನ ಬೆಲೆಗಿಂತ ಹೆಚ್ಚಿದ್ದು, ಎರಡೂ ಕಂಪನಿ ಕೊಡುವ ದುಡ್ಡು ಕೂಡಿ ನಷ್ಟಕ್ಕಿಂತ ಎಕ್ಸೆಸ್‌ಗೂ ಮೀರಿ ಕಡಿಮೆ ಇದ್ದರೆ, ಎಲ್ಲೋ ಎರಡು ಸಲ ಕತ್ತರಿ ಬಿದ್ದಿದೆ ಅಂತಲೇ ಅರ್ಥ.

ಹಾವೇರಿ ಏಜೆಂಟ್
60ರ ಲೆಕ್ಕ ಹಾಕಿ ನೋಡಿದೆ. ಪಾಲು ಮೊದಲು ಹಂಚಿ ಆವರೇಜ್ ಹಾಕಿದ್ರ 4.5, 2, ಒಟ್ಟು 6.5 ಬಂತು. ಒಬ್ಬನ ಕಂಪನ್ಯಾಗ 30ರ ಪಾಲಿಸಿ ಒಂದ ಇದ್ರೂ 7.5 ಬರ್ತಿತ್ತು. ಎರಡನೇ ಪಾಲಿಸಿ ತಗೊಂಡಿದ್ದಕ್ಕ ದಂಡ ಆದಂಗಾತು! ಸರಿ ಸರ್, ಇಲ್ಲಿ ನಂದು ತಪ್ಪು.

ನವನಗರ ಲೆಕ್ಕಪತ್ರ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಅಂಗಡಿಗಳ ಆಡಿಟ್ ಮಾಡುವವಳು. ಎರಡು ಪ್ರಶ್ನೆ.

ಒಂದು, ಬ್ಯಾಂಕಿಗೆ ಆ ತಿಂಗಳು ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಎಷ್ಟು ತೋರಿಸಿದ್ದೀರಿ? ಡ್ರಾಯಿಂಗ್ ಪವರ್, ಅಂದರೆ ಸಾಲ ತೆಗೆಯುವ ಮಿತಿ, ಹೆಚ್ಚಿರಲಿ ಎಂದು ಅನೇಕರು ಅಲ್ಲಿ ಏರಿಸಿ ಬರೆಯುತ್ತಾರೆ. ಕಂಪನಿಯವರು ಆಮೇಲೆ ಅದನ್ನೇ ಹಿಡಿದುಕೊಂಡು ಮಾಲಿನ ಬೆಲೆ ಹೆಚ್ಚು, ವಿಮೆ ಕಡಿಮೆ ಎನ್ನುತ್ತಾರೆ.

ಎರಡು, 15 ಲಕ್ಷದಲ್ಲಿ ಜಿಎಸ್‌ಟಿ ಸೇರಿದೆಯೇ? ಸುಟ್ಟ ಮಾಲಿನ ಮೇಲೆ ನೀವು ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ನಿಲ್ಲುವುದಿಲ್ಲ, ವಾಪಸ್ ಮಾಡಬೇಕು. ಆಗ ಆ ತೆರಿಗೆಯೂ ನಿಮ್ಮ ನಷ್ಟವೇ. ಆದರೆ ನಷ್ಟಕ್ಕೆ ಅದನ್ನು ಸೇರಿಸಿದರೆ ಮಾಲಿನ ಒಟ್ಟು ಬೆಲೆಗೂ ಅದೇ ರೀತಿ ಸೇರಿಸಬೇಕಾಗುತ್ತದೆ. ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಡಲು ಸರ್ವೇಯರ್ ಒಪ್ಪುವುದಿಲ್ಲ.

ಜವಳಿಸಾಲದಾಂವ
ಅಕ್ಕಾರ, ಖರೇ ಹೇಳ್ತೇನಿ. ಬ್ಯಾಂಕಿಗೆ 46 ಲಕ್ಷ ಅಂತ ಬರದು ಕೊಟ್ಟಿದ್ದೆ. ಜಿಎಸ್‌ಟಿ ಸೇರಿಲ್ಲ, ಅದನ್ನ ಯಾರೂ ಕೇಳೂ ಇಲ್ಲ.

ಸಪ್ತಾಪುರ ಹಳೇ ಸರ್ವೇಯರ್
46 ಅಂದರೂ ಹೆದರಬ್ಯಾಡ್ರಿ. ಬ್ಯಾಂಕ್ ಪಾಲಿಸಿ 15 × 30 ÷ 46, ಸುಮಾರು 9.78. ನಿಮ್ಮದು 6.52. ಕೂಡಿದರೆ 16.30, ಇನ್ನೂ 15ಕ್ಕಿಂತ ಹೆಚ್ಚು. 50 ಲಕ್ಷದ ತನಕ ಬೆಲೆ ಏರಿದರೂ ನಿಮಗೆ ಪೂರ್ತಿ ಸಿಗುತ್ತದೆ. ಆದರೆ 46 ಮತ್ತು 40ರ ನಡುವಿನ ಅಂತರ ಯಾಕೆ ಬಂತು ಅಂತ ಬ್ಯಾಂಕಿನವರೂ ಕೇಳಬಹುದು, ಕಂಪನಿಯವರೂ ಕೇಳಬಹುದು. ಅದಕ್ಕೆ ಉತ್ತರ ನೀವೇ ಹುಡುಕಿಕೊಳ್ಳಬೇಕು. ಜಿಎಸ್‌ಟಿ ವಿಷಯದಲ್ಲಿ ತಂಗಿ ಹೇಳಿದ್ದೇ ಸರಿ.

ಬ್ಯಾಡಗಿ ಮೆಣಸಿನಕಾಯಿ
ನಂದೂ ಹಿಂಗ ಐತ್ರಿ. ಕೋಲ್ಡ್ ಸ್ಟೋರೇಜಿನಾಗ ನಾನು ಮೆಣಸಿನಕಾಯಿ ಚೀಲ ಇಟ್ಟಿದ್ದೆ. ನಾನೂ ವಿಮೆ ಮಾಡಿಸಿದ್ದೆ, ಸ್ಟೋರೇಜಿನ ಮಾಲಕರೂ ಮಾಡಿಸಿದ್ರು. ತಂಪು ಮಾಡೂ ಯಂತ್ರದ ಕಡೆಯಿಂದ ಬೆಂಕಿ ಬಂತು. ನನ್ನ ಕಂಪನಿಯವರು "ಅವರ ಕಂಪನಿ ಅರ್ಧ ಕೊಡಲಿ, ನಾವು ಅರ್ಧ ಕೊಡ್ತೇವಿ" ಅಂತ ಕುಂತಾರ. ನಾನೂ ಈ 3ಕ್ಕ 2 ಲೆಕ್ಕ ಹಾಕಬೇಕೇನು?

ಸಪ್ತಾಪುರ ಹಳೇ ಸರ್ವೇಯರ್
ನಿಮ್ಮದು ನೋಡಾಕ ಒಂದೇ ಥರ, ಒಳಗೆ ಬೇರೆ. ಪಾಲು ಹಂಚಬೇಕಾದರೆ ಮಾಲು ಒಂದೇ ಆಗಿದ್ದರೆ ಸಾಲದು, ಆ ಮಾಲಿನಲ್ಲಿ ವಿಮೆ ಮಾಡಿಸಿದವರ ಹಕ್ಕೂ ಒಂದೇ ಆಗಿರಬೇಕು. ನೀವು ಮಾಲಿನ ಮಾಲಕ. ಸ್ಟೋರೇಜಿನವರು ಕಾಯುವವರು, ಮಾಲು ಹಾಳಾದರೆ ನಿಮಗೆ ತುಂಬಿಕೊಡಬೇಕಾದವರು. 1877ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ಕೋರ್ಟು ಇಂಥದ್ದೇ ಒಂದು ಧಾನ್ಯದ ಗೋದಾಮಿನ ವ್ಯಾಜ್ಯದಲ್ಲಿ ಇದು ಪಾಲು ಹಂಚುವ ಪ್ರಕರಣವೇ ಅಲ್ಲ ಅಂದಿತು. ಗೋದಾಮಿನವರ ವಿಮಾ ಕಂಪನಿಯೇ ಪೂರ್ತಿ ಭಾರ ಹೊರಬೇಕು ಅಂತ ತೀರ್ಪು. ನಿಮ್ಮ ಕಂಪನಿ ನಿಮಗೆ ಕೊಟ್ಟು, ಆಮೇಲೆ ನಿಮ್ಮ ಹೆಸರಿನಲ್ಲಿ ಸ್ಟೋರೇಜಿನವರನ್ನು ಕೇಳಬೇಕು. ಅರ್ಧಕ್ಕೆ ನಿಮ್ಮನ್ನು ಕಾಯಿಸಬಾರದು.

ಆದರೆ ಸ್ಟೋರೇಜಿನ ಪಾಲಿಸಿಯಲ್ಲಿ ಏನು ಬರೆದಿದ್ದಾರೆ ಅಂತ ನೋಡದೆ ಗಟ್ಟಿ ಮಾತು ಹೇಳಲಾರೆ. ಅವರ ಜವಾಬ್ದಾರಿಗೆ ಮಾತ್ರ ವಿಮೆ ಮಾಡಿಸಿದ್ದಾರೋ, ಇಟ್ಟವರ ಪರವಾಗಿ ಮಾಲಿಗೇ ಮಾಡಿಸಿದ್ದಾರೋ, ಅದರ ಮೇಲೆ ನಿಂತಿದೆ. ಬೇರೆ ಚರ್ಚೆ ತೆಗೀರಿ, ಇಲ್ಲಿ ಬೆರೆಸಿದರೆ ಎರಡೂ ಕೆಡ್ತಾವ.

ಗದಗ ಬೆಟಗೇರಿ
ಹಂಗಾದ್ರ ಜವಳಿಸಾಲದವರ ಬ್ಯಾಂಕ್ ಪಾಲಿಸಿನೂ ಬ್ಯಾಂಕಿನ ಹಕ್ಕು ಅಲ್ಲೇನು? ಅದು ಬ್ಯಾರೆ, ಇದು ಬ್ಯಾರೆ. ಎರಡೂ ಕಡೆ ಪೂರ್ತಿ ಕೇಳಬಹುದು!

ಹಾವೇರಿ ಏಜೆಂಟ್
ಇದರಾಗ ನಾನು ಗಟ್ಟಿ ರೀ. ಸಿಸಿ ಪಾಲಿಸಿ ಸಾಮಾನ್ಯವಾಗಿ ಅಂಗಡಿಯವರ ಹೆಸರಿನಾಗ ಇರತೈತಿ, ಅದರ ಮ್ಯಾಲ ಬ್ಯಾಂಕ್ ಕ್ಲಾಸ್ ಹಾಕಿರತಾರ. ಹಂಗಂದ್ರ ರೊಕ್ಕ ಬ್ಯಾಂಕಿನ ಕೈಯಾಗ ಹೋಗತೈತಿ, ಸಾಲದ ಖಾತೆಗೆ ಜಮಾ ಆಗತೈತಿ. ಮಾಲಿನ ಹಕ್ಕು ಅಂಗಡಿಯವರದ್ದ. ಜವಳಿಸಾಲದವರ, ನಿಮ್ಮ ಶೆಡ್ಯೂಲ್ ನೋಡಿ ಹೆಸರು ಯಾರದ್ದು ಐತಿ ಹೇಳ್ರಿ.

ಜವಳಿಸಾಲದಾಂವ
ನಮ್ಮ ಅಂಗಡಿ ಹೆಸರು, ಕೆಳಗ ಬ್ಯಾಂಕಿನ ಹೆಸರು. ಇರಲಿ, ಶೆಡ್ಯೂಲ್ ತಗದು ನೋಡುವಾಗ ಇನ್ನೊಂದು ಕಂಡಿತು. ನನ್ನ 20 ಲಕ್ಷದ ಪಾಲಿಸ್ಯಾಗ "ಅಂಗಡಿ ಹಾಗೂ ಅಮರಗೋಳದ ಗೋದಾಮಿನ ಸ್ಟಾಕ್" ಅಂತ ಐತಿ. ಫ್ಲೋಟರ್ ಅಂತ ಬರದಾರ. ಆ ದಿನ ಗೋದಾಮಿನಾಗ 10 ಲಕ್ಷದ ಮಾಲು ಇತ್ತು, ಅದಕ್ಕೇನೂ ಆಗಿಲ್ಲ. ಬ್ಯಾಂಕ್ ಪಾಲಿಸಿ ಅಂಗಡಿಗೆ ಮಾತ್ರ. ಇದರಿಂದ ಏನಾರ ಫರಕ್ ಬೀಳತೈತೇನ್ರಿ?

ಸಪ್ತಾಪುರ ಹಳೇ ಸರ್ವೇಯರ್
ಬೀಳ್ತದ. ಇದನ್ನ ಮೊದಲೇ ಹೇಳಿದ್ದರೆ ಒಂದು ಕಪ್ ಚಹಾ ಉಳೀತಿತ್ತು.

ಫ್ಲೋಟರ್ ಅಂದರೆ 20 ಲಕ್ಷ ಎರಡೂ ಜಾಗದ ಮೇಲೆ ತೇಲುತ್ತದೆ. ಆದ್ದರಿಂದ ಆವರೇಜ್ ನೋಡುವಾಗ ಎರಡೂ ಜಾಗದ ಮಾಲು ಕೂಡಿಸಬೇಕು, 40 + 10 = 50. ಆಗ ನಿಮ್ಮ ಪಾಲಿಸಿ ಒಂಟಿಯಾಗಿ ಕೊಡಬೇಕಾದ್ದು 15 × 20 ÷ 50 = 6 ಲಕ್ಷ. ಬ್ಯಾಂಕ್ ಪಾಲಿಸಿದ್ದು ಮೊದಲಿನಂತೆ 11.25. ಕೂಡಿದರೆ 17.25, ಈಗಲೂ 15ಕ್ಕಿಂತ ಹೆಚ್ಚು. ಅಂದರೆ ನಿಮ್ಮ ಕೈಗೆ ಬರೋದು ಬದಲಾಗಲಿಲ್ಲ.

ಬದಲಾಗೋದು ಅವರಿಬ್ಬರ ನಡುವಿನ ಪಾಲು. 11.25ಕ್ಕೆ 6ರಂತೆ ಹಂಚಿದರೆ ಬ್ಯಾಂಕ್ ಪಾಲಿಸಿ ಕಂಪನಿಗೆ ಸುಮಾರು 9.78 ಲಕ್ಷ, ನಿಮ್ಮದಕ್ಕೆ 5.22 ಲಕ್ಷ. ಬರೀ ವಿಮಾ ಮೊತ್ತ ನೋಡಿ ಹಂಚಿದರೆ ಹಳೇ 9 ಮತ್ತು 6. ವ್ಯತ್ಯಾಸ 78 ಸಾವಿರ. ಒಂದು ಕಂಪನಿ ಮೊದಲ ಲೆಕ್ಕ ಬೇಡ ಅನ್ನುತ್ತದೆ, ಇನ್ನೊಂದು ಎರಡನೇದು ಬೇಡ ಅನ್ನುತ್ತದೆ. ಪಾಲಿಸಿಗಳ ವ್ಯಾಪ್ತಿ ಒಂದೇ ಅಲ್ಲದಾಗ ಒಂಟಿ ಹೊಣೆಯ ಲೆಕ್ಕವೇ ನ್ಯಾಯ ಅಂತ ನನ್ನ ಅಭಿಪ್ರಾಯ, ಆದರೆ ಎಲ್ಲರೂ ಒಪ್ಪೋದಿಲ್ಲ. ಮತ್ತೆ ಕೆಲವು ಫ್ಲೋಟರ್‌ಗಳಲ್ಲಿ "ಆ ಜಾಗಕ್ಕೆಂದೇ ತೆಗೆದ ಪಾಲಿಸಿ ಮೊದಲು ಕೊಡಲಿ, ಉಳಿದದ್ದು ಮಾತ್ರ ನಾವು" ಅನ್ನೋ ಸಾಲು ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಬ್ಯಾಂಕ್ ಪಾಲಿಸಿ 11.25 ಕೊಟ್ಟು, ನಿಮ್ಮದು 3.75 ಕೊಡುತ್ತದೆ. ಒಟ್ಟು ಮತ್ತೆ 15. ಓದಿ ನೋಡ್ರಿ.

ಜವಳಿಸಾಲದಾಂವ
ಅಂಥ ಸಾಲು ಕಾಣಲಿಲ್ಲ. ಈಗ ಮಾಡೂದೇನು? ಇಬ್ಬರನ್ನೂ ಫೋನಿನಾಗ ಕೇಳಿದ್ರ "ಮೊದಲು ಅವರದ್ದು ಮುಗೀಲಿ" ಅಂತ ಒಬ್ಬರ ಮ್ಯಾಲ ಒಬ್ಬರು ಹಾಕ್ತಾರ. ಒಬ್ಬರ ಕಡೆಯಿಂದ 15 ಪೂರ್ತಿ ತಗೊಂಡು, ಅವರ ಇನ್ನೊಬ್ಬರ ಕಡೆ ವಸೂಲಿ ಮಾಡ್ಕೊಳ್ಳಲಿ ಅಂದ್ರ ಆಗೂದಿಲ್ಲೇನ್ರಿ?

ಸಪ್ತಾಪುರ ಹಳೇ ಸರ್ವೇಯರ್
ಕಂಡೀಷನ್ನಿನ ಭಾಷೆ ನೋಡಬೇಕು. ಹಳೇ ಅಗ್ನಿ ಪಾಲಿಸಿಯ ಮಾತು "ತನ್ನ ಪ್ರಮಾಣದ ಪಾಲಿಗಿಂತ ಹೆಚ್ಚಿಲ್ಲ" ಅಂತ ಇರುತ್ತಿತ್ತು. ಹಾಗಿದ್ದರೆ ಇಬ್ಬರ ಬಾಗಿಲಿಗೂ ನೀವೇ ಹೋಗಬೇಕು. ಕೆಲವು ಹೊಸ ಪಾಲಿಸಿಗಳಲ್ಲಿ ನಿಮಗೆ ಬೇಕಾದ ಒಂದು ಕಂಪನಿಯ ಹತ್ತಿರ ಕೇಳುವ ಆಯ್ಕೆ ಇರುತ್ತದೆ, ಪಾಲು ವಸೂಲಿ ಆ ಕಂಪನಿಯ ಕೆಲಸ. ಆದರೂ ನಿಮ್ಮ ಪ್ರಕರಣದಲ್ಲಿ ಯಾವ ಒಂದು ಕಂಪನಿಯೂ 15 ಕೊಡಲಾರದು. ಆವರೇಜ್ ಆದ ಮೇಲೆ ಒಬ್ಬರ ಗರಿಷ್ಠ 11.25. ಹೆಂಗಿದ್ದರೂ ಇಬ್ಬರೂ ಬೇಕೇ ಬೇಕು.

ಫೋನ್ ಬಿಡ್ರಿ, ಬರೆದು ಕೊಡ್ರಿ. ಒಂದೇ ಪತ್ರ, ಇಬ್ಬರಿಗೂ. ಇಬ್ಬರ ಪಾಲಿಸಿ ನಂಬರು, ವಿಮಾ ಮೊತ್ತ, ಮಾಲಿನ ಬೆಲೆ, ನಷ್ಟ ಅದರಲ್ಲಿ ಇರಲಿ, ಗೋದಾಮಿನದ್ದೂ ಇರಲಿ. "ಇನ್ನೊಂದು ಪಾಲಿಸಿ ಇಲ್ಲ ಅಂತ ಹಿಡಿದರೆ ನಿಮ್ಮ ಹೊಣೆ ಎಷ್ಟು? ನಿಮ್ಮ ಪಾಲು ಹೆಂಗ ತೆಗೆದಿರಿ?" ಇಷ್ಟೇ ಕೇಳ್ರಿ. ಸರ್ವೇ ವರದಿಯ ಪ್ರತಿಯೂ ಕೇಳ್ರಿ. ಈ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಡಲು ಕೂತವರಿಗೆ ಎರಡು ಕತ್ತರಿ ತಾನೇ ಕಾಣುತ್ತದೆ.

ನವನಗರ ಲೆಕ್ಕಪತ್ರ
ಡಿಸ್ಚಾರ್ಜ್ ವೋಚರಿಗೆ ಸಹಿ ಮಾಡುವ ಮುನ್ನ ಎಚ್ಚರ. "ಪೂರ್ಣ ಮತ್ತು ಅಂತಿಮ" ಎಂದು ಇರುತ್ತದೆ. ವೋಚರಿಗೆ ಸಹಿ ಮಾಡಿದ ಮಾತ್ರಕ್ಕೆ ಹೆಚ್ಚಿನ ಮೊತ್ತ ಕೇಳುವ ಹಕ್ಕು ಹೋಗುವುದಿಲ್ಲ ಎಂದು 2015ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಸುತ್ತೋಲೆ ಹೊರಡಿಸಿದೆ. ಆದರೂ "ತಕರಾರು ಉಳಿಸಿಕೊಂಡು ಪಡೆದಿದ್ದೇನೆ" ಎಂದು ಬೇರೆ ಪತ್ರ ಕೊಟ್ಟಿದ್ದರೆ ಮುಂದೆ ವಾದ ಕಡಿಮೆ.

ಅಂಗಡಿ ನಿಮ್ಮೊಬ್ಬರ ಹೆಸರಿನಲ್ಲಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿಯೂ ಹೋಗಬಹುದು, 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾಯಬೇಕು. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು.

ಹಾವೇರಿ ಏಜೆಂಟ್
ಒಂದು ಕೇಳಬೇಕಂತ ಮಾಡಿದ್ದೆ. ನಿಮ್ಮ 20 ಲಕ್ಷದ ಪಾಲಿಸಿ ಪ್ರಪೋಸಲ್ ಫಾರ್ಮಿನಾಗ "ಬ್ಯಾರೆ ವಿಮೆ ಐತೇನು" ಅನ್ನೂ ಕಾಲಂ ಇರತೈತಿ. ಅದರಾಗ ಏನು ತುಂಬೀರಿ?

ಜವಳಿಸಾಲದಾಂವ
ಹದಿನೈದು ದಿನ ಆದಮ್ಯಾಲ ಬರಿಯಾಕತ್ತೇನಿ. ಕಾಕಾರು ಹೇಳಿದಂಗ ಒಂದ ಪತ್ರ ಇಬ್ಬರಿಗೂ ಕೊಟ್ಟೆ. ಬ್ಯಾಂಕ್ ಪಾಲಿಸಿ ಕಂಪನಿಯವರು ಮರಳಿ ಲೆಕ್ಕ ಹಾಕಿ 9 ಲಕ್ಷ ಒಪ್ಪಿದ್ರು. 9.78 ಯಾಕಲ್ಲ ಅಂದ್ರ "ಅದು ನಮ್ಮಿಬ್ಬರ ಕಂಪನಿಗಳ ಮಾತು" ಅಂದ್ರು. ಎಕ್ಸೆಸ್ ಕಳದು ರೊಕ್ಕ ಸಿಸಿ ಖಾತೆಗೆ ಜಮಾ ಆತು. ಅದು ನನ್ನ ಕೈಗೆ ಬಂದಂಗ ಅಲ್ಲ, ಆದ್ರ ಬಡ್ಡಿ ಇಳೀತು.

ನನ್ನ ಕಂಪನಿಯವರು 5.22 ಅಂತಾರ, ಅದರಾಗೂ ಮತ್ತ ಅವರ ಎಕ್ಸೆಸ್ ಕಳೀತೇವಿ ಅಂತಾರ. ಒಂದ ಬೆಂಕಿಗೆ ಎರಡು ಎಕ್ಸೆಸ್ ಯಾಕ್ರಿ?

ಏಜೆಂಟ್ ಅಣ್ಣಾರು ಕೇಳಿದ ಕಾಲಂ ನೋಡಿದೆ. "ಇಲ್ಲ" ಅಂತ ಐತಿ. ಫಾರ್ಮ್ ತುಂಬಿದವ ಪಾಲಿಸಿ ಮಾರಿದ ಹುಡುಗ, ನಾನು ಸಹಿ ಅಷ್ಟ ಮಾಡೇನಿ. ಅದನ್ನ ಅವರು ಇನ್ನೂ ಎತ್ತಿಲ್ಲ.

ಸಪ್ತಾಪುರ ಹಳೇ ಸರ್ವೇಯರ್
ಎರಡು ಎಕ್ಸೆಸ್ ಬಗ್ಗೆ ನಮ್ಮ ಕಚೇರಿಯಲ್ಲೇ ಎರಡು ಅಭಿಪ್ರಾಯ ಇದ್ದವು. ಎರಡೂ ಬೇರೆ ಒಪ್ಪಂದ, ಹಾಗಾಗಿ ಎರಡೂ ಕಳೆಯಬಹುದು ಅನ್ನೋದು ಒಂದು. ಒಂಟಿ ಹೊಣೆ ತೆಗೆಯುವಾಗಲೇ ಎಕ್ಸೆಸ್ ಕಳೆದುಬಿಡಬೇಕು, ಪಾಲಿನಲ್ಲಿ ಅಲ್ಲ ಅನ್ನೋದು ಇನ್ನೊಂದು. ಎರಡನೇ ರೀತಿ ಹಿಡಿದರೆ ನಿಮಗೆ 15 ಪೂರ್ತಿ ಬರುತ್ತದೆ, ಯಾಕಂದರೆ 17.25ರಲ್ಲಿ ಕಳೆಯಲು ಜಾಗ ಇದೆ. ಕೇಳಿ ನೋಡ್ರಿ.

ಅವರ 5.22 ಹಿಡಿದುಕೊಂಡು ಬ್ಯಾಂಕ್ ಪಾಲಿಸಿಯವರಿಗೆ ಮತ್ತೊಂದು ಪತ್ರ ಬರೀರಿ. ಇವರು 9 ಅಂತಾರೆ, ಅವರು 5.22 ಅಂತಾರೆ, ಕೂಡಿದರೆ 14.22. ಇಬ್ಬರೂ ತಮಗೆ ಅನುಕೂಲವಾದ ಲೆಕ್ಕ ಹಿಡಿದಿದ್ದಾರೆ, ನಡುವೆ ನಿಮ್ಮ 78 ಸಾವಿರ ಬಿದ್ದಿದೆ. ಅದು ಅವರಿಬ್ಬರ ಮಾತು ಅಲ್ಲ, ನಿಮ್ಮ ಮಾತು.

ಕಾಲಂ ವಿಷಯ ಎತ್ತಿದರೆ ಆ ದಿನವೇ ಇಲ್ಲಿ ಬರೀರಿ. ಬೆಂಕಿಯಾದ ಮೇಲೆ ಕ್ಲೇಮ್ ಫಾರ್ಮಿನಲ್ಲಿ ಎರಡೂ ಪಾಲಿಸಿ ಬರೆದಿದ್ದೀರಿ ತಾನೇ?

ಜವಳಿಸಾಲದಾಂವ
ಅದರಾಗ ಎರಡೂ ಬರದೇನಿ ರೀ, ಪ್ರತಿ ಐತಿ. ನಾಳೆ ಪತ್ರ ಕೊಟ್ಟು ಬರ್ತೇನಿ.